ಎರೆಮಣ್ಣಿನ ಉಸಿರು, ಸುಣ್ಣದ ಉಸಿರು

(ಮಾನ್ವಿಯಲ್ಲಿ ರೈತರು ಮತ್ತು ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಎರಡು ಗಾಜಿನ ಜಾಡಿಗಳಿವೆ, ನೋಡಿ. ಮನೆಯಲ್ಲಿ ಉಪ್ಪಿನಕಾಯಿ ಹಾಕಿಡುವ, ತಿರುಗಿಸಿ ಮುಚ್ಚುವ ಒಂದು ಲೀಟರಿನ ಜಾಡಿಗಳೇ ಇವು. ಒಂದರ ತಳದಲ್ಲಿ ಎರೆಮಣ್ಣಿದೆ, ಆ ಮಣ್ಣಿನ ಮೇಲೆ ಒಂದು ಸಣ್ಣ ಗಾಜಿನ ಬಟ್ಟಲು ಕುಳಿತಿದೆ. ಇನ್ನೊಂದರಲ್ಲಿ ಮಣ್ಣಿಲ್ಲ, ಬಟ್ಟಲು ಮಾತ್ರ ಇದೆ. ಎರಡೂ ಬಟ್ಟಲುಗಳಲ್ಲಿರುವುದು ಕಾಸ್ಟಿಕ್ ಸೋಡಾ ಕರಗಿಸಿದ ನೀರು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಸಾವಯವ ಪದಾರ್ಥವನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಬಟ್ಟಲಿನ ಕ್ಷಾರ ಅದನ್ನು ಹೀರಿಕೊಳ್ಳುತ್ತದೆ. ಏಳು ದಿನಗಳ ನಂತರ ಬಟ್ಟಲನ್ನು ಹೊರತೆಗೆದು, ಎಷ್ಟು ಕ್ಷಾರ ಖರ್ಚಾಗದೆ ಉಳಿದಿದೆ ಎಂದು ಅಳೆದರೆ, ಖರ್ಚಾದ ಭಾಗ ಮಣ್ಣಿನ ಉಸಿರಿನ ಲೆಕ್ಕವಾಗುತ್ತದೆ. ಜರ್ಮನಿಯ ಇಸರ್‌ಮೇಯರ್ ಎಂಬವರು 1952ರಲ್ಲಿ ಪ್ರಕಟಿಸಿದ ಸರಳ ವಿಧಾನದಿಂದ ಬೆಳೆದುಬಂದ ಕ್ರಮವಿದು. ಅವರ ಲೇಖನದ ಶೀರ್ಷಿಕೆಯಲ್ಲೇ ಎರಡು ವಿಷಯಗಳಿದ್ದವು: ಒಂದು ಮಣ್ಣಿನ ಉಸಿರಾಟ, ಇನ್ನೊಂದು ಮಣ್ಣಿನಲ್ಲಿರುವ ಕಾರ್ಬೊನೇಟ್, ಅಂದರೆ ಸುಣ್ಣ. ಈ ಎರಡನೆಯದನ್ನು ನಮ್ಮ ಜಿಲ್ಲೆಯಲ್ಲಿ ಮರೆಯುವಂತಿಲ್ಲ. ಇವತ್ತಿನ ನನ್ನ ಮಾತು ಹೆಚ್ಚಾಗಿ ಅದರ ಸುತ್ತಲೇ ಇರುತ್ತದೆ.

ಹೀಗೆ ಹೇಳಲು ಕಾರಣ ಒಬ್ಬ ಯಜಮಾನರು. ಅವರದು ಮಳೆಯನ್ನೇ ನಂಬಿದ ಎರೆಹೊಲ, ಹಿಂಗಾರಿ ಜೋಳ ಬಿತ್ತುತ್ತಾರೆ. ಒಂದು ಬೇಸಿಗೆಯಲ್ಲಿ ಹೊಲದ ಅರ್ಧ ಭಾಗದಲ್ಲಿ ಮೂರು ರಾತ್ರಿ ಕುರಿ ಮಂದೆ ನಿಲ್ಲಿಸಿದರು. ಉಳಿದರ್ಧಕ್ಕೆ ದುಡ್ಡು ಸಾಲಲಿಲ್ಲ. ಮೇ ತಿಂಗಳಲ್ಲಿ ಎರಡೂ ಕಡೆಯ ಮಣ್ಣನ್ನು ಚೀಲಗಳಲ್ಲಿ ತುಂಬಿಕೊಂಡು ನನ್ನ ಬಳಿ ಬಂದು ಕೇಳಿದರು: "ಮೇಷ್ಟ್ರೇ, ಕುರಿ ಕೂತ ಮಣ್ಣಿಗೆ ಜೀವ ಬಂದಿದೆಯೋ ಇಲ್ಲವೋ ನೋಡಿ ಹೇಳುತ್ತೀರಾ?" ಅವರು ಕೇಳಿದ ರೀತಿಯೇ ನನಗೆ ಇಷ್ಟವಾಯಿತು. ಗೊಬ್ಬರದ ಅಂಶವೆಷ್ಟು ಎಂದು ಕೇಳಲಿಲ್ಲ, ಜೀವ ಬಂದಿದೆಯೇ ಎಂದು ಕೇಳಿದರು. ಕ್ಷಾರದ ಬಟ್ಟಲು ಉತ್ತರಿಸಲು ಯತ್ನಿಸುವುದೂ ಆ ಪ್ರಶ್ನೆಗೇ.

ಮೊದಲ ಸಲ ನಾನು ಅವರಿಗೆ ತಪ್ಪು ಉತ್ತರ ಕೊಟ್ಟೆ. ಆ ತಪ್ಪು ಹೇಗಾಯಿತು ಎಂಬುದನ್ನು ಹೇಳುವ ಮೊದಲು ಕೆಲಸದ ಕ್ರಮವನ್ನು ವಿವರಿಸುತ್ತೇನೆ.

ಮಣ್ಣನ್ನು ಬೇರು, ಕಡ್ಡಿ, ಸುಣ್ಣದ ಹರಳುಗಳನ್ನು ಆರಿಸಿ ತೆಗೆದು, 2 ಮಿ.ಮೀ. ಜರಡಿ ಹಿಡಿದು, 100 ಗ್ರಾಂ ತೂಗಿ ಜಾಡಿಗೆ ಹಾಕುತ್ತೇವೆ. ಎರೆಮಣ್ಣನ್ನು ಹಸಿಯಾಗಿದ್ದಾಗ ಜರಡಿ ಹಿಡಿಯಬಾರದು. ಕೈಗೆ ಅಂಟುವ ಹದದಲ್ಲಿ ಒತ್ತಿದರೆ ಅದು ಗೋಡೆಗೆ ಮೆತ್ತುವ ಗಾರೆಯಂತಾಗುತ್ತದೆ, ಒಳಗೆ ಗಾಳಿ ಆಡುವುದಿಲ್ಲ. ಉಂಡೆ ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಆರಿರಬೇಕು.

ಇನ್ನು ನೀರು. ಮಣ್ಣು ಹಿಡಿದಿಟ್ಟುಕೊಳ್ಳಬಲ್ಲ ನೀರಿನಲ್ಲಿ ನೂರಕ್ಕೆ ಸುಮಾರು ಅರುವತ್ತು ಭಾಗ ಅದಕ್ಕೆ ಸಿಗಬೇಕು. ಆ ಶಕ್ತಿ ಎಷ್ಟೆಂದು ತಿಳಿಯುವುದು ಸುಲಭ. ಆಲಿಕೆಯಲ್ಲಿ ಶೋಧಕ ಕಾಗದವಿಟ್ಟು, ಅಳೆದ ಒಣಮಣ್ಣನ್ನು ಹಾಕಿ, ನೀರು ತುಂಬಿ, ಒಂದು ರಾತ್ರಿ ಬಸಿಯಲು ಬಿಟ್ಟು ತೂಗಿದರಾಯಿತು. ಯಜಮಾನರ ಮಣ್ಣು 100 ಗ್ರಾಂಗೆ 62 ಮಿ.ಲೀ. ನೀರು ಹಿಡಿಯಿತು. ಅದರ ಅರುವತ್ತು ಭಾಗ ಎಂದರೆ 37 ಮಿ.ಲೀ. ಇದನ್ನು ಒಮ್ಮೆಲೇ ಸುರಿಯುವಂತಿಲ್ಲ. ಪಿಪೆಟ್‌ನಿಂದ ಹನಿಹನಿಯಾಗಿ ಮೇಲೆಲ್ಲಾ ಹಂಚಿ ಹಾಕಬೇಕು, ಕಲಸಬಾರದು. ಮಸಾರಿ ಮಣ್ಣಾಗಿದ್ದರೆ ಇದರ ಅರ್ಧ ನೀರೂ ಬೇಕಾಗದಿರಬಹುದು. ಆದ್ದರಿಂದ ಒಂದು ಹೊಲದ ಅಳತೆಯನ್ನು ಇನ್ನೊಂದಕ್ಕೆ ಹಾಕುವಂತಿಲ್ಲ.

ಬಟ್ಟಲಿಗೆ 0.5 ನಾರ್ಮಲ್ ಕಾಸ್ಟಿಕ್ ಸೋಡಾ ದ್ರಾವಣ, 10 ಮಿ.ಲೀ. ಕುದಿಸಿ ಆರಿಸಿದ ಭಟ್ಟಿ ಇಳಿಸಿದ ನೀರಿನಲ್ಲಿ ಲೀಟರಿಗೆ 20 ಗ್ರಾಂ ಕರಗಿಸಿದರೆ ಸರಿಸುಮಾರು ಈ ಬಲ ಬರುತ್ತದೆ. ಕಾಸ್ಟಿಕ್ ಸೋಡಾ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನೂ ಹೀರುತ್ತದೆ. ಹಾಗಾಗಿ ಬಾಟಲಿಯ ಮುಚ್ಚಳ ತೆಗೆದಿಟ್ಟು ಮಾತಿಗೆ ಕೂರಬೇಡಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಇದನ್ನು ಎಂದೂ ಕರಗಿಸಬೇಡಿ, ಪಾತ್ರೆಯನ್ನೇ ಕೊರೆದು ಹೈಡ್ರೋಜನ್ ಬಿಡುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಕೈಗವಸು ಇಲ್ಲದೆ ನನ್ನ ವಿದ್ಯಾರ್ಥಿಗಳನ್ನು ನಾನು ಇದರ ಹತ್ತಿರ ಬಿಡುವುದಿಲ್ಲ.

ಮುಚ್ಚಳದ ರಬ್ಬರಿಗೆ ತೆಳುವಾಗಿ ವ್ಯಾಸಲೀನ್ ಸವರಿ ಬಿಗಿಯುತ್ತೇವೆ. ಮಣ್ಣಿಲ್ಲದ ಜಾಡಿಯನ್ನೂ ಅದೇ ಗಳಿಗೆಯಲ್ಲಿ ಮುಚ್ಚುತ್ತೇವೆ. ಜಾಡಿಯ ಒಳಗಾಳಿಯಲ್ಲಿ ಮೊದಲೇ ಇದ್ದ ಇಂಗಾಲದ ಡೈಆಕ್ಸೈಡ್, ದ್ರಾವಣ ಮಾಡುವಾಗ ಹೀರಿಕೊಂಡದ್ದು, ಇವೆಲ್ಲ ಈ ಖಾಲಿ ಜಾಡಿಯಲ್ಲಿ ಸಿಕ್ಕಿಬೀಳುತ್ತವೆ. ಖಾಲಿ ಜಾಡಿ ಇಲ್ಲದೆ ಮಾಡಿದ ಪರೀಕ್ಷೆಯ ಅಂಕಿಯನ್ನು ನಾನು ನಂಬುವುದಿಲ್ಲ. ಪ್ರತಿ ಮಣ್ಣಿಗೂ ಮೂರು ಜಾಡಿ, ಖಾಲಿಯವು ಮೂರು. ಎಲ್ಲವನ್ನೂ ಒಂದೇ ಒಳಕೋಣೆಯಲ್ಲಿ ಇಡಬೇಕು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಸೂಕ್ಷ್ಮಜೀವಿಗಳ ಉಸಿರು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಕಿಟಕಿಯ ಪಕ್ಕದ ಜಾಡಿಗೂ ಮೂಲೆಯ ಜಾಡಿಗೂ ನಡುವೆ ಬರುವ ವ್ಯತ್ಯಾಸ ಮಣ್ಣಿನದಲ್ಲ, ಬಿಸಿಲಿನದು.

ದಿನ ತುಂಬಿದ ಮೇಲೆ ಬಟ್ಟಲಿನ ದ್ರಾವಣವನ್ನು ಶಂಕುಪಾತ್ರೆಗೆ ಸುರಿದು, ಬಟ್ಟಲನ್ನು ತೊಳೆದ ನೀರನ್ನೂ ಅದಕ್ಕೇ ಸೇರಿಸಬೇಕು. ನಂತರ 100 ಮಿ.ಲೀ. ನೀರಿಗೆ ಸುಮಾರು 12 ಗ್ರಾಂನಂತೆ ಕರಗಿಸಿದ ಬೇರಿಯಂ ಕ್ಲೋರೈಡ್, 5 ಮಿ.ಲೀ. ಹಾಕುತ್ತೇವೆ. ಕೂಡಲೇ ದ್ರಾವಣ ಹಾಲಿನಂತೆ ಬೆಳ್ಳಗಾಗುತ್ತದೆ. ಆ ಬಿಳುಪೇ ಬೇರಿಯಂ ಕಾರ್ಬೊನೇಟ್, ಏಳು ದಿನ ಮಣ್ಣು ಬಿಟ್ಟ ಉಸಿರು ಗಟ್ಟಿಯಾಗಿ ಕಣ್ಣಿಗೆ ಕಾಣುವ ರೂಪ. ಶಂಕುಪಾತ್ರೆಯನ್ನು ಬೆಳಕಿಗೆ ಹಿಡಿದು ಇದನ್ನು ನೋಡಿದ ರೈತರೊಬ್ಬರು ಎರಡು ನಿಮಿಷ ಮಾತಾಡಿರಲಿಲ್ಲ.

ಈ ಹೆಜ್ಜೆಯನ್ನು ಬಿಟ್ಟರೆ ಏನಾಗುತ್ತದೆ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಬೇರಿಯಂ ಹಾಕದಿದ್ದರೆ ಹೀರಿಕೊಂಡ ಉಸಿರು ಸೋಡಿಯಂ ಕಾರ್ಬೊನೇಟಾಗಿ ನೀರಿನಲ್ಲೇ ಕರಗಿರುತ್ತದೆ, ನಾವು ಹನಿಸುವ ಆಮ್ಲದಲ್ಲಿ ತನ್ನ ಪಾಲನ್ನೂ ಕೇಳುತ್ತದೆ. ಉಳಿದ ಕ್ಷಾರ ಇರುವುದಕ್ಕಿಂತ ಹೆಚ್ಚೆಂದು ತೋರುತ್ತದೆ, ಮಣ್ಣಿನ ಉಸಿರು ನಿಜದ ಸುಮಾರು ಅರ್ಧಕ್ಕೆ ಇಳಿದುಬಿಡುತ್ತದೆ.

ಎರಡು ಮೂರು ಹನಿ ಫಿನಾಲ್ಫ್ತಲೀನ್ ಹಾಕಿದರೆ ಬಿಳಿ ಹಾಲು ಗುಲಾಬಿಯಾಗುತ್ತದೆ. ಬ್ಯೂರೆಟ್‌ನಿಂದ 0.5 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲವನ್ನು, ಪಾತ್ರೆಯನ್ನು ಸದಾ ತಿರುಗಿಸುತ್ತಾ, ಹನಿಸಬೇಕು. ಗುಲಾಬಿ ಹೋಗಿ ಹಾಲು ಮಾತ್ರ ಉಳಿದ ಕ್ಷಣಕ್ಕೆ ನಿಲ್ಲಿಸಬೇಕು. ಅವಸರದಲ್ಲಿ ಆಮ್ಲವನ್ನು ಒಂದೇ ಜಾಗಕ್ಕೆ ಸುರಿದರೆ ಅದು ಬಿಳಿಯ ಕಾರ್ಬೊನೇಟನ್ನೇ ಕರಗಿಸತೊಡಗುತ್ತದೆ. ಗುಲಾಬಿ ಬಣ್ಣ ಹೋಗಿ, ಒಂದೆರಡು ನಿಮಿಷದಲ್ಲಿ ಮತ್ತೆ ಮರಳಿ, ಹಾಲಿನ ಬಿಳುಪು ತೆಳುವಾಗುತ್ತಾ ಬಂದರೆ ಕೈ ಓಡಿದೆ ಎಂದು ತಿಳಿಯಿರಿ.

ಲೆಕ್ಕ ಒಂದೇ ಸಾಲಿನದು:

```
C (mg) = (B − V) × N × 6
```

B ಎಂದರೆ ಖಾಲಿ ಜಾಡಿಗೆ ಹಿಡಿದ ಆಮ್ಲ, V ಎಂದರೆ ಮಣ್ಣಿನ ಜಾಡಿಗೆ ಹಿಡಿದ ಆಮ್ಲ, N ಆಮ್ಲದ ಬಲ. ಇಂಗಾಲದ ಪರಮಾಣು ತೂಕ 12. ಒಂದು ಇಂಗಾಲದ ಡೈಆಕ್ಸೈಡಿಗೆ ಎರಡು ಕಾಸ್ಟಿಕ್ ಸೋಡಾ ಖರ್ಚಾಗುವುದರಿಂದ ಅದರ ಅರ್ಧ, 6. ಇದು ಜಾಡಿಯಲ್ಲಿರುವ 100 ಗ್ರಾಂ ಮಣ್ಣಿನ ಲೆಕ್ಕ, ಕಿಲೋಗೆ ಬೇಕೆಂದರೆ ಹತ್ತರಿಂದ ಗುಣಿಸಬೇಕು.

ಈಗ ಯಜಮಾನರ ಮಣ್ಣಿಗೆ ಬರೋಣ. ಮೇ ತಿಂಗಳ ಮಣ್ಣು ಬೂದಿಯಂತೆ ಒಣಗಿತ್ತು. ನೀರು ಹಾಕಿ, ಜಾಡಿ ಮುಚ್ಚಿ, ಮರುದಿನವೇ ತೆಗೆದೆ. ಖಾಲಿ ಜಾಡಿಗೆ 9.7 ಮಿ.ಲೀ. ಆಮ್ಲ ಹಿಡಿಯಿತು. ಮಂದೆ ನಿಲ್ಲದ ಭಾಗಕ್ಕೆ 8.2, ಮಂದೆ ನಿಂತ ಭಾಗಕ್ಕೆ 7.5. ಲೆಕ್ಕ ಹಾಕಿದರೆ ಮೊದಲನೆಯದು ಕಿಲೋ ಮಣ್ಣಿಗೆ ದಿನಕ್ಕೆ 45 ಮಿಲಿಗ್ರಾಂ ಇಂಗಾಲ, ಎರಡನೆಯದು 66. "ಯಜಮಾನರೇ, ಎರಡೂ ಕಡೆ ಮಣ್ಣು ಚೆನ್ನಾಗಿಯೇ ಉಸಿರಾಡುತ್ತಿದೆ, ಕುರಿ ಕೂತದ್ದು ಇನ್ನೂ ಜೋರಾಗಿದೆ" ಎಂದೆ. ಅವರು ಸಂತೋಷದಿಂದ ಹೋದರು. ರಾತ್ರಿ ಕುಳಿತು ಲೆಕ್ಕ ನೋಡಿದಾಗ ನನಗೆ ನಿದ್ರೆ ಬರಲಿಲ್ಲ. ಅಷ್ಟು ಬಡವಾದ ಮಣ್ಣು ದಿನಕ್ಕೆ 45ರಂತೆ ವರ್ಷವಿಡೀ ಉಸಿರಾಡಿದರೆ ಒಂದು ವರ್ಷದೊಳಗೆ ಕಿಲೋಗೆ 16 ಗ್ರಾಂ ಇಂಗಾಲ ಕರಗಬೇಕು. ಆ ಮಣ್ಣಿನಲ್ಲಿ ಇದ್ದ ಒಟ್ಟು ಸಾವಯವ ಇಂಗಾಲವೇ ಕಿಲೋಗೆ ಸುಮಾರು 4 ಗ್ರಾಂ.

ನಾನು ಅಳೆದದ್ದು ಮಣ್ಣಿನ ದಿನನಿತ್ಯದ ಉಸಿರನ್ನಲ್ಲ, ಬಾಯಾರಿದ ಮಣ್ಣಿಗೆ ನೀರು ಬಿದ್ದಾಗಿನ ಉಬ್ಬಸವನ್ನು. ಬೇಸಿಗೆಯಲ್ಲಿ ಒಣಗಿ ಸತ್ತ ಸೂಕ್ಷ್ಮಜೀವಿಗಳ ದೇಹ, ಬದುಕುಳಿದವು ಬರಗಾಲಕ್ಕೆಂದು ಒಳಗೆ ಕೂಡಿಟ್ಟುಕೊಂಡ ಪದಾರ್ಥ, ಒಣಗಿ ಬಿರಿದ ಹೆಂಟೆಗಳೊಳಗೆ ಅಡಗಿದ್ದ ಸಾವಯವ ಅಂಶ, ಇವೆಲ್ಲ ನೀರು ಸೋಕಿದೊಡನೆ ಒಮ್ಮೆಗೇ ಊಟವಾಗುತ್ತವೆ. ಬಿರ್ಚ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಪೂರ್ವ ಆಫ್ರಿಕದ ಮಣ್ಣುಗಳಲ್ಲಿ ಇದನ್ನು ವಿವರವಾಗಿ ಅಭ್ಯಾಸ ಮಾಡಿದ್ದರಿಂದ ಇದಕ್ಕೆ ಅವರ ಹೆಸರೇ ಉಳಿದಿದೆ. ಮೊದಲ ಮಳೆಗೆ ನಮ್ಮ ಎರೆಹೊಲಗಳಲ್ಲಿ ನಡೆಯುವುದೂ ಇದೇ. ಒಣಮಣ್ಣಿಗೆ ನೀರು ಹಾಕಿ ಇಪ್ಪತ್ತನಾಲ್ಕು ಗಂಟೆಯ ಉಸಿರನ್ನೇ ಬೇಕೆಂದು ಅಳೆಯುವ ಪರೀಕ್ಷೆಗಳೂ ಇವೆ, ಅವಕ್ಕೆ ಅವುಗಳದೇ ಅರ್ಥವಿದೆ. ಆದರೆ ಆ ಅಂಕಿಯನ್ನು ಏಳರಿಂದ ಗುಣಿಸಿ ವಾರದ ಉಸಿರು ಎನ್ನುವಂತಿಲ್ಲ, ಹಸಿಮಣ್ಣಿನ ಅಂಕಿಯ ಪಕ್ಕದಲ್ಲಿ ಇಟ್ಟು ಹೋಲಿಸುವಂತೆಯೂ ಇಲ್ಲ.

ಯಜಮಾನರಿಗೆ ಹೇಳಿಕಳಿಸಿದೆ. ಚೀಲದಲ್ಲಿ ಉಳಿದಿದ್ದ ಮಣ್ಣಿಗೆ ಅದೇ 37 ಮಿ.ಲೀ. ಲೆಕ್ಕದಲ್ಲಿ ನೀರು ಹಾಕಿ, ಸಡಿಲವಾಗಿ ಮುಚ್ಚಿ, ಏಳು ದಿನ ಸುಮ್ಮನೆ ಬಿಟ್ಟೆವು. ದಿನ ಬಿಟ್ಟು ದಿನ ತೂಗಿ, ಆರಿದಷ್ಟು ನೀರು ತುಂಬಿದೆವು. ಉಬ್ಬಸ ಇಳಿದ ನಂತರವೇ ಬಟ್ಟಲಿಟ್ಟು ಏಳು ದಿನ ಬಿಗಿದೆವು. ಈ ಸಲ ಮಂದೆ ನಿಲ್ಲದ ಭಾಗಕ್ಕೆ 8.5 ಮಿ.ಲೀ., ಮಂದೆ ನಿಂತ ಭಾಗಕ್ಕೆ 7.1. ಅಂದರೆ ಏಳು ದಿನಕ್ಕೆ ಕಿಲೋಗೆ 36 ಮತ್ತು 78 ಮಿಲಿಗ್ರಾಂ, ದಿನಕ್ಕೆ ಸುಮಾರು 5 ಮತ್ತು 11. ಮೊದಲ ದಿನದ 45 ಎಲ್ಲಿ, ಈ 5 ಎಲ್ಲಿ! ಒಂದೇ ಚೀಲದ ಮಣ್ಣು.

ಮಂದೆ ನಿಂತ ಭಾಗ ಇಮ್ಮಡಿಗಿಂತ ಹೆಚ್ಚು ಉಸಿರಾಡಿದೆ. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆ ಮಣ್ಣಿನ ಮೇಲೆ ನೀರು ಬೆರೆಸಿದ ಆಮ್ಲದ ನಾಲ್ಕು ಹನಿ ಹಾಕಿದಾಗ ಅದು ಸೋಡಾ ಬಾಟಲಿಯಂತೆ ಬುಸ್ಸೆಂದು ನೊರೆಯೆದ್ದಿತು. ನಮ್ಮ ಎರೆಮಣ್ಣಿನಲ್ಲಿ ಕಣ್ಣಿಗೆ ಕಾಣುವ ಸುಣ್ಣದ ಹರಳುಗಳಷ್ಟೇ ಅಲ್ಲ, ಜರಡಿ ದಾಟುವ ನುಣ್ಣನೆಯ ಸುಣ್ಣವೂ ಬೆರೆತಿರುತ್ತದೆ. ಸುಣ್ಣ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದಕ್ಕೆ ಆಮ್ಲ ಸೋಕಿದರೆ ಬರುವುದೂ ಇಂಗಾಲದ ಡೈಆಕ್ಸೈಡೇ. ಇದು ಜೀವಿ ಬಿಟ್ಟದ್ದೋ ಕಲ್ಲು ಬಿಟ್ಟದ್ದೋ ಎಂದು ಬಟ್ಟಲಿನ ಕ್ಷಾರ ಕೇಳುವುದಿಲ್ಲ, ಎರಡನ್ನೂ ಹೀರುತ್ತದೆ.

ಮೊದಲು ನೋಡಬೇಕಾದದ್ದು, ಜೀವಿಗಳಿಲ್ಲದೆಯೂ ಈ ಮಣ್ಣು ಏನಾದರೂ ಬಿಡುತ್ತದೆಯೇ ಎಂದು. ಮಣ್ಣನ್ನು ಹತ್ತಿಯ ಬಿರಡೆ ಹಾಕಿದ ಬಾಟಲಿಯಲ್ಲಿಟ್ಟು ಪ್ರೆಷರ್ ಕುಕ್ಕರಿನಲ್ಲಿ ಒಂದು ಗಂಟೆ, ಮರುದಿನ ಮತ್ತೊಂದು ಗಂಟೆ ಬೇಯಿಸಿದೆವು. ಕುದಿಸಿ ಆರಿಸಿದ ನೀರು ಹಾಕಿ, ಕುದಿನೀರಿನಲ್ಲಿ ತೊಳೆದ ಜಾಡಿಯಲ್ಲಿ ಮುಚ್ಚಿ, ಮೂರನೆಯ ದಿನವೇ ತೆಗೆದೆವು. ಇನ್ನೂ ಬಿಟ್ಟರೆ ಹೊರಗಿನಿಂದ ಸೇರಿದ ಜೀವಿಗಳು ಬೆಂದ ಮಣ್ಣಿನಲ್ಲಿ ಹಬ್ಬ ಮಾಡುತ್ತವೆ. ಆಮ್ಲ 9.6 ಹಿಡಿಯಿತು, ಖಾಲಿ ಜಾಡಿಗಿಂತ ಹನಿ ಎರಡು ಹನಿ ಕಡಿಮೆ. ಹಾಗಾದರೆ ಬರಿಯ ನೀರಿಗೆ ಸುಣ್ಣ ಹೆಚ್ಚೇನೂ ಬಿಡುತ್ತಿಲ್ಲ.

ಇಷ್ಟಕ್ಕೆ ಸುಣ್ಣ ನಿರಪರಾಧಿ ಎಂದು ಹೇಳಿದರೆ ಮತ್ತೊಂದು ತಪ್ಪಾಗುತ್ತದೆ. ನನಗೆ ಬಹಳ ಕಾಲ ಹೊಳೆಯದಿದ್ದ ಸಂಗತಿ ಇದು. ಕುರಿ ಗಂಜಲದಲ್ಲಿ ಯೂರಿಯಾ ಇದೆ. ಅದು ಮಣ್ಣಿನಲ್ಲಿ ಅಮೋನಿಯಂ ಆಗುತ್ತದೆ. ಆ ಅಮೋನಿಯಂ ಅನ್ನು ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ, ಆಗ ಆಮ್ಲ ಹುಟ್ಟುತ್ತದೆ. ಆ ಆಮ್ಲ ಪಕ್ಕದಲ್ಲೇ ಇರುವ ಸುಣ್ಣವನ್ನು ಕರಗಿಸಿ ಇಂಗಾಲದ ಡೈಆಕ್ಸೈಡ್ ಬಿಡಿಸುತ್ತದೆ. ಆಮ್ಲ ಹುಟ್ಟಿಸಿದ್ದು ಜೀವಿ, ಉಸಿರು ಬಂದದ್ದು ಕಲ್ಲಿನಿಂದ. ಬೇಯಿಸಿದ ಮಣ್ಣಿನಲ್ಲಿ ಆ ಬ್ಯಾಕ್ಟೀರಿಯಾಗಳೂ ಸತ್ತಿರುವುದರಿಂದ ಕುಕ್ಕರಿನ ಪರೀಕ್ಷೆಗೆ ಇದು ಸಿಗುವುದಿಲ್ಲ. ಯೂರಿಯಾ, ಡಿಎಪಿ ಹಾಕಿದ ಹೊಲದ ಮಣ್ಣಿನಲ್ಲೂ ಹೀಗೆಯೇ ಆಗಬಹುದು. ಗೊಬ್ಬರ ಚೆಲ್ಲಿದ ವಾರದಲ್ಲೇ ಎರೆಹೊಲದ ಮಣ್ಣನ್ನು ತಂದು, ಉಸಿರು ಹೆಚ್ಚಾಗಿದೆ, ಗೊಬ್ಬರ ಮಣ್ಣಿನ ಜೀವವನ್ನು ಹೆಚ್ಚಿಸಿದೆ ಎಂದು ಯಾರಾದರೂ ಹೇಳಿದರೆ ನೊರೆಯ ಪರೀಕ್ಷೆ ಮಾಡಿದಿರಾ ಎಂದು ಕೇಳಿ.

ಇದನ್ನು ಪೂರ್ತಿ ಬೇರ್ಪಡಿಸಲು ಇಂಗಾಲದ ಐಸೋಟೋಪುಗಳನ್ನು ಅಳೆಯುವ ಯಂತ್ರ ಬೇಕು. ನಮ್ಮಂಥವರು ಮೇಲ್ಮಿತಿಯನ್ನು ಹಾಕಿಕೊಳ್ಳಬಹುದು. ಜಾಡಿಯಲ್ಲಿ ಇಟ್ಟ ದಿನ ಮತ್ತು ತೆಗೆದ ದಿನ ಮಣ್ಣಿನ ನೈಟ್ರೇಟ್ ಅಳೆಯಿರಿ. 14 ಮಿಲಿಗ್ರಾಂ ಸಾರಜನಕ ಅಮೋನಿಯಂ ರೂಪದಿಂದ ನೈಟ್ರೇಟಾದರೆ, ಆ ಆಮ್ಲವೆಲ್ಲ ಸುಣ್ಣದ ಮೇಲೇ ಬಿದ್ದರೂ ಹೊರಬರಬಲ್ಲ ಇಂಗಾಲ ಹೆಚ್ಚೆಂದರೆ 12 ಮಿಲಿಗ್ರಾಂ. ಯಜಮಾನರ ಮಂದೆ ನಿಂತ ಮಣ್ಣಿನಲ್ಲಿ ಆ ಏಳು ದಿನಗಳಲ್ಲಿ ನೈಟ್ರೇಟ್ ಸಾರಜನಕ, ಇನ್ನೊಂದು ಭಾಗಕ್ಕಿಂತ ಕಿಲೋಗೆ 14 ಮಿಲಿಗ್ರಾಂ ಹೆಚ್ಚು ಏರಿತ್ತು. ಹಾಗಾಗಿ ಎರಡು ಭಾಗಗಳ ನಡುವಿನ 42 ಮಿಲಿಗ್ರಾಂ ವ್ಯತ್ಯಾಸದಲ್ಲಿ 12ರವರೆಗೆ ಸುಣ್ಣದ್ದಿರಬಹುದು. ಕನಿಷ್ಠ 30 ಉಳಿಯಿತು. ಅದು ಜೀವಿಗಳ ಉಸಿರು ಎಂದು ಧೈರ್ಯವಾಗಿ ಹೇಳಬಹುದು. ಇದಕ್ಕೆ ವಿರುದ್ಧವಾದ ಎಳೆತವೂ ಒಂದಿದೆ. ಇಂಥ ಕ್ಷಾರೀಯ ಮಣ್ಣಿನ ತೇವ, ಜೀವಿಗಳು ಬಿಟ್ಟ ಉಸಿರಿನ ಒಂದಿಷ್ಟನ್ನು ಬೈಕಾರ್ಬೊನೇಟ್ ರೂಪದಲ್ಲಿ ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಬಟ್ಟಲಿಗೆ ಕೊಡುವುದಿಲ್ಲ. ಈ ವಿಧಾನದ ಅಂಕಿಯನ್ನು ನಾನು ಸ್ಥೂಲ ಸೂಚಿ ಎನ್ನುವುದು ಈ ಕಾರಣಕ್ಕೆ. ಎರಡು ಬೇರೆ ಬೇರೆ ಊರಿನ ಮಣ್ಣುಗಳನ್ನು ಇದರಿಂದ ತೂಗಿ ನೋಡುವುದನ್ನು ನಾನು ಒಪ್ಪುವುದಿಲ್ಲ. ಒಂದೇ ಹೊಲದ ಎರಡು ತುಂಡುಗಳನ್ನು, ಒಂದೇ ದಿನ, ಒಂದೇ ಕೋಣೆಯಲ್ಲಿಟ್ಟು ಹೋಲಿಸಿದರೆ ಮಾತ್ರ ಅದಕ್ಕೆ ಬೆಲೆ.

ಆ 30 ಮಿಲಿಗ್ರಾಂ ಏನನ್ನು ಹೇಳುತ್ತದೆ? ಜೀವಿಗಳು ಹೆಚ್ಚಾಗಿವೆ ಎಂದೇ ಆಗಬೇಕಿಲ್ಲ. ಹಿಕ್ಕೆಯಲ್ಲಿ ಸುಲಭವಾಗಿ ಕರಗುವ ಆಹಾರವಿದೆ, ಅಷ್ಟೇ ಜೀವಿಗಳು ಹೆಚ್ಚು ಉಂಡು ಹೆಚ್ಚು ಉಸಿರಾಡಿರಬಹುದು. ಉಂಡು ಮುಗಿದ ಮೇಲೆ ಏನಾಗುತ್ತದೆ ಎಂದು ನೋಡದೆ ಹೇಳುವಂತಿರಲಿಲ್ಲ. ನವೆಂಬರಿನಲ್ಲಿ ಜೋಳ ಮೊಣಕಾಲೆತ್ತರ ಇದ್ದಾಗ ಅದೇ ಎರಡು ಜಾಗಗಳಿಂದ, ಸಾಲುಗಳ ನಡುವಿನ ಮಣ್ಣನ್ನು ಹಸಿಯಾಗಿಯೇ ತಂದೆವು. ಖಾಲಿ ಜಾಡಿ ಮತ್ತೆ 9.7. ಮಂದೆ ನಿಲ್ಲದ ಭಾಗ 8.4, ಮಂದೆ ನಿಂತ ಭಾಗ 8.2. ಏಳು ದಿನಕ್ಕೆ ಕಿಲೋಗೆ 39 ಮತ್ತು 45. ಆಮ್ಲದ 0.1 ಮಿ.ಲೀ. ಎಂದರೆ ಕಿಲೋಗೆ 3 ಮಿಲಿಗ್ರಾಂ. ಒಂದೇ ಮಣ್ಣಿನ ಮೂರು ಜಾಡಿಗಳ ನಡುವೆಯೇ 0.2 ಮಿ.ಲೀ. ಹೆಚ್ಚುಕಡಿಮೆ ಬಂದಿತ್ತು. ಹಾಗಾಗಿ ಈ ಎರಡು ಅಂಕಿಗಳನ್ನು ಬೇರೆ ಎಂದು ಹೇಳಲು ಬರುವುದಿಲ್ಲ.

ಯಜಮಾನರು ಜಾಡಿಯನ್ನೇ ನೋಡುತ್ತಾ, "ಹಾಗಾದರೆ ಕುರಿ ಕೂರಿಸಿದ್ದು ದಂಡವಾಯಿತೇ?" ಎಂದರು. ಇಲ್ಲ ಎಂದೆ. ಬೇಸಿಗೆಯಲ್ಲಿ ಹಾಕಿದ ಆಹಾರವನ್ನು ಮುಂಗಾರಿನಲ್ಲಿ ಮಣ್ಣಿನ ಜೀವಿಗಳು ತಿಂದು ಮುಗಿಸಿವೆ, ಅದರ ಸಾರಜನಕ ಬೆಳೆಗೆ ಸಿಕ್ಕಿತೇ ಎಂಬುದನ್ನು ಜೋಳದ ತೆನೆ ಹೇಳಬೇಕು, ಜಾಡಿ ಹೇಳಲಾರದು. ಜಾಡಿ ಹೇಳಿದ್ದು ಇಷ್ಟೇ: ಮೂರು ರಾತ್ರಿಯ ಮಂದೆಯಿಂದ ಎದ್ದ ಉಸಿರು ನವೆಂಬರಿನ ಹೊತ್ತಿಗೆ ಇಳಿದಿತ್ತು.

ಸಭೆಯಿಂದ ಇಬ್ಬರು ಪ್ರಶ್ನೆ ಕೇಳಿದರು. ಒಬ್ಬ ವಿದ್ಯಾರ್ಥಿನಿ, ಜಾಡಿಯ ಬದಲು ಹೊಲದಲ್ಲೇ ಡಬ್ಬಿ ಕವುಚಿ ಕೆಳಗೆ ಕ್ಷಾರದ ಬಟ್ಟಲಿಟ್ಟರೆ ಆಗದೇ ಎಂದಳು. ಆಗುತ್ತದೆ, ಹಾಗೆ ಮಾಡುವವರೂ ಇದ್ದಾರೆ. ಆದರೆ ಅಲ್ಲಿ ಬೆಳೆಯ ಬೇರಿನ ಉಸಿರೂ ಸೇರುತ್ತದೆ. ಎರೆಹೊಲ ಬಿರುಕು ಬಿಟ್ಟಿದ್ದರೆ ಡಬ್ಬಿಯ ಅಂಚನ್ನು ಎಷ್ಟು ಒತ್ತಿದರೂ ಕೆಳಗಿನ ಬಿರುಕಿನಿಂದ ಗಾಳಿ ಓಡಾಡುತ್ತದೆ, ಹೊರಗಿನ ಗಾಳಿಯನ್ನೂ ಕ್ಷಾರ ಹೀರುತ್ತಿರುತ್ತದೆ. ನಮ್ಮ ಬೇಸಿಗೆ ಹೊಲಕ್ಕೆ ನಾನು ಅದನ್ನು ಸೂಚಿಸುವುದಿಲ್ಲ.

ಇನ್ನೊಬ್ಬರು, ಬಟ್ಟಲಿನ ಕ್ಷಾರ ಪೂರ್ತಿ ಖರ್ಚಾಗಿಬಿಟ್ಟರೆ ಹೇಗೆ ತಿಳಿಯುತ್ತದೆ ಎಂದರು. ಬೇರಿಯಂ ಹಾಕಿ ಫಿನಾಲ್ಫ್ತಲೀನ್ ಹನಿಸಿದಾಗ ಗುಲಾಬಿಯೇ ಬರದಿದ್ದರೆ ಕ್ಷಾರ ಮುಗಿದಿದೆ, ಆ ಅಳತೆ ಕಸಕ್ಕೆ. ಅಲ್ಲಿಯವರೆಗೂ ಹೋಗಬಾರದು. ಅರ್ಧಕ್ಕಿಂತ ಹೆಚ್ಚು ಖರ್ಚಾಗಿದ್ದರೆ ಹೀರುವ ವೇಗ ಕುಂದಿದೆಯೇನೋ ಎಂದು ಸಂಶಯಪಡಿ, ಮಣ್ಣನ್ನು 50 ಗ್ರಾಂಗೆ ಇಳಿಸಿ ಮತ್ತೆ ಇಡಿ. ಕೊನೆಗೆ ಉಳಿಯುವ ಬಿಳಿ ನೀರಿನಲ್ಲಿ ವಿಷಕಾರಿ ಬೇರಿಯಂ ಇರುತ್ತದೆ. ಅದನ್ನು ಹೊಲಕ್ಕಾಗಲಿ ಚರಂಡಿಗಾಗಲಿ ಚೆಲ್ಲದೆ ಒಂದು ಕ್ಯಾನಿನಲ್ಲಿ ಕೂಡಿಟ್ಟು, ಸೋಡಿಯಂ ಸಲ್ಫೇಟ್ ದ್ರಾವಣವನ್ನು ಧಾರಾಳವಾಗಿ ಬೆರೆಸಿ. ಬೇರಿಯಂ ಕರಗದ ಸಲ್ಫೇಟಾಗಿ ತಳಕ್ಕೆ ಕೂರುತ್ತದೆ. ಆ ಗಸಿಯನ್ನು ಸೋಸಿ, ಹೆಸರು ಬರೆದು, ಪ್ರಯೋಗಾಲಯದ ರಾಸಾಯನಿಕ ತ್ಯಾಜ್ಯದ ಜೊತೆ ಕಳಿಸಬೇಕು. ನಮ್ಮ ಕ್ಯಾನು ಅಗೋ, ಆ ಬಾಗಿಲ ಪಕ್ಕದಲ್ಲಿದೆ, ಮುಚ್ಚಳಕ್ಕೆ ಕೆಂಪು ಪಟ್ಟಿ ಹಚ್ಚಿರುವುದು.